ಅಂಗಡಿ ತೆಗೆಯದ ಹೊತ್ತಿನಲ್ಲಿ ಫೋನ್ ಏನು ಹೇಳಬೇಕು?

ಮಧ್ಯಾಹ್ನ ಎರಡೂಕಾಲು. ಹೋಳಿಗೆ ಅಂಗಡಿಯಲ್ಲಿ ಒಲೆ ಆರಿಸಿ, ಹಂಚು ಇಳಿಸಿ, ಎಲ್ಲರೂ ಊಟಕ್ಕೆ ಹೋಗಿದ್ದಾರೆ. ಆಗ ಫೋನ್ ರಿಂಗಾಗುತ್ತದೆ. ಆ ಕಡೆ ಇರುವವರ ಮನೆಯಲ್ಲಿ ಬರುವ ಭಾನುವಾರ ನಾಮಕರಣ. ನೂರೈವತ್ತು ಕಾಯಿ ಹೋಳಿಗೆ ಬೇಕು. ಫೋನ್ ರಿಂಗಾಗಿ ರಿಂಗಾಗಿ ನಿಲ್ಲುತ್ತದೆ. ಅಂಗಡಿ ಇವತ್ತು ರಜೆಯೋ, ಊಟದ ಬಿಡುವೋ, ಮತ್ತೆ ಎಷ್ಟು ಹೊತ್ತಿಗೆ ಸಿಗುತ್ತಾರೋ ಅವರಿಗೆ ಗೊತ್ತಾಗುವುದಿಲ್ಲ. ಅವರು ಇನ್ನೊಂದು ಅಂಗಡಿಯ ನಂಬರ್ ಹುಡುಕುತ್ತಾರೆ.

ಈ ಜಾಗದಲ್ಲಿ ಇಪ್ಪತ್ತು ಸೆಕೆಂಡಿನ ಒಂದು ರೆಕಾರ್ಡ್ ಮಾಡಿದ ಮಾತು ಇದ್ದಿದ್ದರೆ ಆ ಆರ್ಡರ್ ಉಳಿಯುತ್ತಿತ್ತು. ಯಾರೂ ಎತ್ತದ ಕರೆಗೆ ಮೊದಲೇ ರೆಕಾರ್ಡ್ ಮಾಡಿಟ್ಟ ಮಾತನ್ನು ಕೇಳಿಸಿ, ಬೀಪ್ ಆದ ಮೇಲೆ ಕರೆ ಮಾಡಿದವರ ಮಾತನ್ನು ಉಳಿಸಿಡುವ ವ್ಯವಸ್ಥೆಗೆ ವಾಯ್ಸ್‌ಮೇಲ್ ಅನ್ನುತ್ತಾರೆ. ಅಮೆರಿಕದಲ್ಲಿ ಮೊಬೈಲ್ ಸಂಪರ್ಕದ ಜೊತೆಗೇ ಇದು ಬರುತ್ತದೆ. ನಮ್ಮಲ್ಲಿ ಮೊಬೈಲ್‌ಗಳಲ್ಲಿ ಇದು ಬಳಕೆಗೆ ಬರಲೇ ಇಲ್ಲ ಎನ್ನಬಹುದು. ಆದರೆ ತಿಂಗಳ ಬಾಡಿಗೆಗೆ ವರ್ಚುವಲ್ ನಂಬರ್ ಕೊಡುವ ಕಂಪನಿಗಳು ಬಂದ ಮೇಲೆ ಕ್ಲಿನಿಕ್ಕು, ಟೈಲರಿಂಗ್ ಅಂಗಡಿ, ಕೇಟರಿಂಗ್‌ನವರು ಕೂಡ ಈ ಸೌಲಭ್ಯ ಪಡೆಯುತ್ತಿದ್ದಾರೆ. ಅಂಗಡಿ ತೆಗೆದಿರುವ ವೇಳೆಯನ್ನು ಅಲ್ಲಿ ತುಂಬಿಸಿಟ್ಟರೆ, ಆ ವೇಳೆಯಲ್ಲಿ ಕರೆ ನಿಮ್ಮ ಮೊಬೈಲ್‌ಗೆ ಬರುತ್ತದೆ. ಉಳಿದ ಹೊತ್ತಿನಲ್ಲಿ ನಿಮ್ಮ ಮಾತು ಕೇಳಿಸುತ್ತದೆ.

ಸೌಲಭ್ಯ ಕೊಳ್ಳುವುದು ಸುಲಭ. ಏನು ಮಾತನಾಡಬೇಕು ಅನ್ನುವಲ್ಲಿ ಹೆಚ್ಚಿನವರು ಎಡವುತ್ತಾರೆ. ಬರೆಯಲು ಕೂತಾಗ ನಮಗೆ ಮೊದಲು ನೆನಪಾಗುವುದು ಬೇರೆ ಕಡೆ ಕೇಳಿದ ರೆಕಾರ್ಡಿಂಗ್‌ಗಳ ಭಾಷೆ. ಹಾಗಾಗಿ ಇಂಥದೊಂದು ಒಕ್ಕಣೆ ತಯಾರಾಗುತ್ತದೆ:

"ನಮಸ್ಕಾರ. ನಮ್ಮ ಸಂಸ್ಥೆಗೆ ಕರೆ ಮಾಡಿದ್ದಕ್ಕಾಗಿ ತಮಗೆ ಹೃತ್ಪೂರ್ವಕ ಧನ್ಯವಾದಗಳು. ತಮ್ಮ ಕರೆ ನಮಗೆ ಅತ್ಯಂತ ಮುಖ್ಯವಾಗಿರುತ್ತದೆ. ಪ್ರಸ್ತುತ ನಮ್ಮ ಸಿಬ್ಬಂದಿ ತಮ್ಮ ಕರೆಯನ್ನು ಸ್ವೀಕರಿಸಲು ಲಭ್ಯರಿರುವುದಿಲ್ಲ..."

ಇದರಲ್ಲಿ ಮರ್ಯಾದೆಗೇನೂ ಕೊರತೆಯಿಲ್ಲ. ಆದರೆ ಇಲ್ಲಿಯವರೆಗಿನ ಅಕ್ಷರಗಳನ್ನು ಎಣಿಸಿದರೆ 70 ದಾಟುತ್ತದೆ. ಸಮಾಧಾನವಾಗಿ ಓದುವಾಗ ಸೆಕೆಂಡಿಗೆ ಸುಮಾರು 5 ಅಕ್ಷರ ಎಂದು ಲೆಕ್ಕ ಹಿಡಿಯಿರಿ. 14 ಸೆಕೆಂಡು ಕಳೆದಿದೆ. ಅಂಗಡಿಯ ಹೆಸರು ಇನ್ನೂ ಬಂದಿಲ್ಲ, ವೇಳೆ ಬಂದಿಲ್ಲ. ಫೋನ್ ಮಾಡಿದವರಿಗೆ ತಾವು ಸರಿಯಾದ ನಂಬರಿಗೇ ಮಾಡಿದ್ದೇವೆಯೇ ಎಂಬುದೂ ಖಾತ್ರಿಯಾಗಿಲ್ಲ.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಚಂದಾದಾರರು ಬೇರೆ ಕರೆಯಲ್ಲಿದ್ದಾರೆ, ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಮೊಬೈಲ್ ಕಂಪನಿಗಳು ಹೇಳುವ ಮಾತನ್ನು ನಾವೆಲ್ಲ ಸಾವಿರ ಸಲ ಕೇಳಿದ್ದೇವೆ. ಆ ಧಾಟಿಯ ಕನ್ನಡ ಕಿವಿಗೆ ಬಿದ್ದ ಕೂಡಲೇ, ಅರ್ಥವಾಗುವ ಮೊದಲೇ, ಕೈ ಫೋನ್ ಕಟ್ ಮಾಡುತ್ತದೆ. 'ಪ್ರಸ್ತುತ', 'ಲಭ್ಯರಿರುವುದಿಲ್ಲ' ಎಂದು ಶುರುವಾದ ನಿಮ್ಮ ಮಾತಿಗೂ ಅದೇ ಗತಿ. ಮುಂದೆ ವೇಳೆ ಎಷ್ಟು ಚೆನ್ನಾಗಿ ಹೇಳಿದ್ದರೂ ಅದನ್ನು ಕೇಳಲು ಆ ಕಡೆ ಯಾರೂ ಇರುವುದಿಲ್ಲ. ಆದ್ದರಿಂದ ಮೊದಲ ಮೂರು ಸೆಕೆಂಡಿನಲ್ಲೇ ಇದು ಕಂಪನಿಯ ದನಿಯಲ್ಲ, ಅಂಗಡಿಯವರ ದನಿ ಎಂದು ತಿಳಿಯಬೇಕು. ಅಂದರೆ ನಮಸ್ಕಾರದ ಬೆನ್ನಿಗೇ ಅಂಗಡಿಯ ಹೆಸರು ಬರಬೇಕು, ಅದೂ ಮಾತಾಡುವ ಕನ್ನಡದಲ್ಲಿ.

ಹಾಗೆಂದು ತೀರಾ ಸಹಜವಾಗಿ ಮಾತಾಡಿದರೆ ಇನ್ನೊಂದು ತೊಡಕು. "ನಮಸ್ಕಾರ, ಹೇಳಿ" ಎಂದು ರೆಕಾರ್ಡ್ ಮಾಡಿದರೆ ಕೇಳಿದವರು ನಿಜಕ್ಕೂ ಹೇಳಲು ಶುರು ಮಾಡುತ್ತಾರೆ. "ಹಾಂ, ಭಾನುವಾರಕ್ಕೆ ನೂರೈವತ್ತು..." ಎನ್ನುವಷ್ಟರಲ್ಲಿ ರೆಕಾರ್ಡಿಂಗ್ ತನ್ನ ಪಾಡಿಗೆ ಮುಂದುವರಿದು, ಇಬ್ಬರ ಮಾತೂ ಒಂದರ ಮೇಲೊಂದು ಬಿದ್ದು, ವೇಳೆ ಹೇಳಿದ್ದು ಕೇಳಿಸದೇ ಹೋಗುತ್ತದೆ. ಹೀಗಾಗಿ ಹೆಸರಿನ ಹಿಂದೆಯೇ, ಈಗ ಅಂಗಡಿ ತೆಗೆದಿಲ್ಲ ಎಂಬ ಮಾತು ಬಂದುಬಿಡಬೇಕು.

ನಮ್ಮ ಹೋಳಿಗೆ ಅಂಗಡಿಗೇ ಒಂದು ಒಕ್ಕಣೆ ಬರೆಯೋಣ. ಅಂಗಡಿ ಬೆಳಿಗ್ಗೆ 8ರಿಂದ 1.30, ಸಾಯಂಕಾಲ 4ರಿಂದ 8.30. ಸೋಮವಾರ ರಜೆ. ಪೇಟೆ ಬೀದಿಯಲ್ಲಿದೆ ಎಂದುಕೊಂಡು ಅದನ್ನೇ ಹೆಸರಾಗಿ ಇಟ್ಟಿದ್ದೇನೆ, ಉದಾಹರಣೆಗಷ್ಟೇ.

"ನಮಸ್ಕಾರ, ಪೇಟೆ ಬೀದಿ ಹೋಳಿಗೆ ಅಂಗಡಿ. ಈಗ ಅಂಗಡಿ ತೆಗೆದಿಲ್ಲ. ಬೆಳಿಗ್ಗೆ ಎಂಟರಿಂದ ಒಂದೂವರೆ, ಸಾಯಂಕಾಲ ನಾಲ್ಕರಿಂದ ಎಂಟೂವರೆ ಇರ್ತೀವಿ. ಸೋಮವಾರ ರಜೆ. ಆರ್ಡರ್ ಇದ್ರೆ, ಬೀಪ್ ಆದ್ಮೇಲೆ ಹೆಸರು, ಯಾವತ್ತಿಗೆ ಬೇಕು, ಎಷ್ಟು ಬೇಕು, ಹೇಳಿ. ಅಂಗಡಿ ತೆಗೆದ ತಕ್ಷಣ ನಾವೇ ಫೋನ್ ಮಾಡ್ತೀವಿ."

ಸುಮಾರು 90 ಅಕ್ಷರ. ವಾಕ್ಯಗಳ ನಡುವೆ ಉಸಿರು ತೆಗೆದುಕೊಂಡು ಓದಿದರೂ 20 ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಹತ್ತು ಹನ್ನೆರಡನೆಯ ಸೆಕೆಂಡಿಗೆಲ್ಲ ವೇಳೆಯೂ ರಜೆಯೂ ಹೇಳಿ ಆಗಿರುತ್ತದೆ. ಅಲ್ಲಿಗೆ ಫೋನ್ ಇಟ್ಟರೂ ಅವರಿಗೆ ಬೇಕಾದದ್ದು ಸಿಕ್ಕಿರುತ್ತದೆ. ವೇಳೆಯನ್ನು ಕೊನೆಗೆ ಇಟ್ಟ ಒಕ್ಕಣೆಯಲ್ಲಿ ಈ ಲಾಭವಿಲ್ಲ.

ಈ ಒಕ್ಕಣೆಯಲ್ಲಿ ಏನೇನು ಇಲ್ಲ ಎಂಬುದನ್ನೂ ನೋಡಬೇಕು. ಧನ್ಯವಾದವಿಲ್ಲ, ಕ್ಷಮೆಯಿಲ್ಲ. ಊಟದ ಹೊತ್ತಿಗೆ ಅಂಗಡಿ ಮುಚ್ಚಿದ್ದಕ್ಕೆ ಕ್ಷಮೆ ಕೇಳುವ ಅಗತ್ಯವಿಲ್ಲ. 'ಅಂಗಡಿ ಬಾಗಿಲು ಹಾಕಿದೆ' ಎಂದು ಬರೆದಿಲ್ಲ, ಏಕೆಂದರೆ ವ್ಯಾಪಾರವೇ ನಿಂತುಹೋಯಿತು ಎಂದು ಕೇಳಿದವರು ತಿಳಿಯಬಹುದು. ಫೋನ್ ನಂಬರ್ ಹೇಳಿ ಎಂದೂ ಕೇಳಿಲ್ಲ. ಕರೆ ಬಂದ ನಂಬರ್ ಮೆಸೇಜಿನ ಜೊತೆಗೇ ದಾಖಲಾಗುತ್ತದೆ. ಹತ್ತು ಅಂಕಿ ಹೇಳಿಸುವುದರಿಂದ ಕೇಳುಗರ ಸಮಯ ಹಾಳು, ತಪ್ಪು ಬರೆದುಕೊಳ್ಳುವ ಅಪಾಯ ಬೇರೆ. ಊಟದ ಬಿಡುವು ಎಷ್ಟರಿಂದ ಎಷ್ಟು ಎಂದೂ ಹೇಳಿಲ್ಲ. ತೆಗೆದಿರುವ ಹೊತ್ತು ಹೇಳಿದರೆ ಮುಚ್ಚಿರುವ ಹೊತ್ತು ತಾನಾಗಿಯೇ ಗೊತ್ತಾಗುತ್ತದೆ. ಎರಡನ್ನೂ ಹೇಳಿದರೆ ಕೇಳಿದವರ ತಲೆಯಲ್ಲಿ ಆರು ಅಂಕಿ ಉಳಿದು, ಯಾವುದು ಯಾವುದೆಂದು ತಿಳಿಯದಾಗುತ್ತದೆ.

ಆತ್ಮೀಯತೆ ಎಲ್ಲಿಂದ ಬಂತು ಹಾಗಾದರೆ? 'ಇರ್ತೀವಿ', 'ಮಾಡ್ತೀವಿ' ಎಂಬ ಆಡುಮಾತಿನಿಂದ. 'ನಾವೇ' ಎಂಬಲ್ಲಿರುವ ಒತ್ತಿನಿಂದ. ನೀವು ಮತ್ತೆ ಪ್ರಯತ್ನಿಸಿ ಎಂದು ಹೊರೆಯನ್ನು ಅವರ ತಲೆಗೆ ಕಟ್ಟದೆ, ಕೆಲಸವನ್ನು ಅಂಗಡಿಯವರು ತಮ್ಮ ಮೇಲೆ ತೆಗೆದುಕೊಂಡಿದ್ದಾರೆ. ಹುಬ್ಬಳ್ಳಿ, ಧಾರವಾಡದ ಕಡೆ ಇದೇ ಮಾತು ಅಲ್ಲಿಯ ಧಾಟಿಯಲ್ಲಿ, 'ಇರ್ತೀವ್ರಿ', 'ಹೇಳ್ರಿ' ಎಂದು ಬಂದರೇ ಚೆಂದ. ಮಂಗಳೂರಿನವರು ತಮ್ಮ ಧಾಟಿಯಲ್ಲೇ ಹೇಳಲಿ. ಅಂಗಡಿಯಲ್ಲಿ ಎದುರು ನಿಂತ ಗಿರಾಕಿಯ ಜೊತೆ ಹೇಗೆ ಮಾತಾಡುತ್ತೀರೋ ಹಾಗೆ.

ವೇಳೆ ಹೇಳುವ ರೀತಿಗೆ ಸ್ವಲ್ಪ ಹೆಚ್ಚು ಗಮನ ಬೇಕು. 'ಒಂದೂವರೆ', 'ಎಂಟೂವರೆ' ಎಲ್ಲರಿಗೂ ತಿಳಿಯುತ್ತದೆ. 'ಎಂಟೂಮುಕ್ಕಾಲು' ಎಂದಾಗ, ಇಂಗ್ಲಿಷಿನಲ್ಲೇ ಗಂಟೆ ಹೇಳಿ ರೂಢಿಯಾದ ಪಟ್ಟಣದ ಮಕ್ಕಳು ಒಂದು ಕ್ಷಣ ಲೆಕ್ಕ ಹಾಕುತ್ತಾ ನಿಲ್ಲುತ್ತಾರೆ. ಅಷ್ಟರಲ್ಲಿ ಮುಂದಿನ ಮಾತು ದಾಟಿಹೋಗಿರುತ್ತದೆ. ಅಂಗಡಿ ನಿಜಕ್ಕೂ 8.45ಕ್ಕೆ ಮುಚ್ಚುವುದಾದರೂ ಫೋನಿನಲ್ಲಿ ಎಂಟೂವರೆ ಎಂದೇ ಹೇಳುವುದು ಒಳ್ಳೆಯದು. ಕೊನೆಯ ಹತ್ತು ನಿಮಿಷಕ್ಕೆ ಓಡಿಬಂದವರನ್ನು ವಾಪಸ್ ಕಳಿಸುವ ಪ್ರಸಂಗವೂ ತಪ್ಪುತ್ತದೆ. ಬೆಳಿಗ್ಗೆ, ಸಾಯಂಕಾಲ ಎಂಬ ಎರಡು ಪದಗಳನ್ನು ಮಾತ್ರ ಬಿಡಬೇಡಿ. 'ಎಂಟರಿಂದ ಒಂದೂವರೆ, ನಾಲ್ಕರಿಂದ ಎಂಟೂವರೆ' ಎಂದು ಒಂದೇ ಉಸಿರಿನಲ್ಲಿ ಹೇಳಿದರೆ ಎರಡು ಎಂಟುಗಳು ಕಲಸಿಹೋಗುತ್ತವೆ.

ವಾರದ ಹೆಸರಿನಲ್ಲೂ ಎಚ್ಚರ ಬೇಕು. ಗದ್ದಲದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಕೇಳುವವರಿಗೆ ಬುಧವಾರ, ಗುರುವಾರ ಒಂದೇ ರೀತಿ ಕೇಳಿಸಬಹುದು. ಎರಡರಲ್ಲೂ ಮೊದಲ ಸ್ವರ ಅದೇ, ಕೊನೆಯೂ ಅದೇ. ಇದಕ್ಕೆ ಟೆಲಿಫೋನಿನ ಸ್ವಭಾವವೂ ಕಾರಣ. ಹಳೆಯ ಕಾಲದಿಂದ ಬಂದ ಫೋನ್ ಜಾಲ ದನಿಯ 300ರಿಂದ 3400 ಹರ್ಟ್ಸ್ ವರೆಗಿನ ಭಾಗವನ್ನು ಮಾತ್ರ ಸಾಗಿಸುತ್ತದೆ. ಸ್ವರಗಳಿಗೆ ಅಷ್ಟು ಸಾಕು. ಆದರೆ ಸ, ಶ ಮುಂತಾದ ವ್ಯಂಜನಗಳ ಬಹುಪಾಲು ಚುರುಕು ಅದಕ್ಕಿಂತ ಮೇಲೆ ಇದೆ, ಅದು ಕತ್ತರಿಸಿಹೋಗುತ್ತದೆ. ಈಗಿನ 4ಜಿ ಕರೆಗಳು ಇದಕ್ಕಿಂತ ಅಗಲವಾದ ದನಿಯನ್ನು ಒಯ್ಯಬಲ್ಲವು. ಆದರೂ ನಿಮ್ಮ ರೆಕಾರ್ಡಿಂಗ್ ಹಳೆಯ ಗುಣಮಟ್ಟದ ಫೈಲಾಗಿಯೇ ಸರ್ವರಿನಲ್ಲಿ ಕೂತಿರುವುದು ಸಾಮಾನ್ಯ. ಬುಧವಾರ ರಜೆ ಇರುವವರು 'ಬುಧವಾರ' ಎಂದು ನಿಧಾನವಾಗಿ ಹೇಳಿ, ಅರೆಕ್ಷಣ ನಿಂತು, 'ರಜೆ' ಎಂದರೆ ಸಾಕು.

ಹಿನ್ನೆಲೆಯಲ್ಲಿ ನಾದಸ್ವರವನ್ನೋ ಸುಪ್ರಭಾತವನ್ನೋ ಹಾಕುವ ಆಸೆ ಅನೇಕರಿಗೆ ಇರುತ್ತದೆ. ಬೇಡ ಎಂದು ಕಟ್ಟುನಿಟ್ಟಾಗಿ ಹೇಳುತ್ತೇನೆ. ಮೊಬೈಲ್ ಜಾಲದಲ್ಲಿ ದನಿಯನ್ನು ಕುಗ್ಗಿಸಿ ಕಳಿಸುವ ವಿಧಾನ ಮನುಷ್ಯರ ಮಾತಿಗೆಂದೇ ಹೊಂದಿಸಿದ್ದು. ಒಬ್ಬರ ಗಂಟಲು, ಒಬ್ಬರ ಬಾಯಿ ಎಂಬ ಊಹೆಯ ಮೇಲೆ ಅದು ಕೆಲಸ ಮಾಡುತ್ತದೆ. ಸಂಗೀತ ಬಂದಾಗ ಆ ಊಹೆ ಕೆಟ್ಟು, ವಾದ್ಯ ನೀರೊಳಗೆ ನುಡಿಸಿದಂತೆ ಗೊರಗೊರ ಎನ್ನುತ್ತದೆ, ಜೊತೆಗೆ ಮಾತನ್ನೂ ಕೆಡಿಸುತ್ತದೆ. ಸ್ಟುಡಿಯೋದಲ್ಲಿ ಕೇಳಿದಾಗ ಇಂಪಾಗಿದ್ದದ್ದು ಫೋನಿನಲ್ಲಿ ಹಾಗಿರುವುದಿಲ್ಲ.

ರೆಕಾರ್ಡ್ ಮಾಡಲು ಸ್ಟುಡಿಯೋ ಬೇಕಿಲ್ಲ. ಫ್ಯಾನ್, ಫ್ರಿಜ್, ಗ್ರೈಂಡರ್ ಯಾವುದರ ಸದ್ದೂ ಇಲ್ಲದ, ಹಾಸಿಗೆ ಬಟ್ಟೆ ತುಂಬಿದ ಮಲಗುವ ಕೋಣೆ ಸಾಕು. ಬಟ್ಟೆ ಪ್ರತಿಧ್ವನಿಯನ್ನು ನುಂಗುತ್ತದೆ. ಬರಿ ಗೋಡೆಯ ಅಂಗಡಿಯಲ್ಲಿ ಮಾತಾಡಿದರೆ ದನಿ ಗುಂಯ್ ಎನ್ನುತ್ತದೆ. ಫೋನನ್ನು ಬಾಯಿಂದ ಒಂದು ಗೇಣು ದೂರ, ತುಸು ಪಕ್ಕಕ್ಕೆ ಹಿಡಿಯಿರಿ. ನೇರ ಹಿಡಿದರೆ 'ಪೇಟೆ', 'ಬೀಪ್', 'ಫೋನ್' ಎನ್ನುವಾಗ ಬಾಯಿಯ ಗಾಳಿ ಮೈಕಿಗೆ ಹೊಡೆದು ಡಬ್ ಎನ್ನುತ್ತದೆ. ನಗುಮುಖದಿಂದ ಓದಿ ಎಂಬ ಸಲಹೆ ಬರೀ ಉಪಚಾರದ ಮಾತಲ್ಲ. ನಕ್ಕಾಗ ತುಟಿ ಎರಡೂ ಕಡೆಗೆ ಹಿಗ್ಗಿ, ದನಿ ಹಾದುಬರುವ ದಾರಿ ತುಸು ಗಿಡ್ಡವಾಗಿ, ಸ್ವರದ ಬಣ್ಣವೇ ಬದಲಾಗುತ್ತದೆ. ಮುಖ ಕಾಣದಿದ್ದರೂ ಕಿವಿ ಅದನ್ನು ಗುರುತಿಸುತ್ತದೆ. ದನಿ ಯಾರದಿರಬೇಕು ಎಂದು ಕೇಳಿದರೆ, ಅಂಗಡಿಯಲ್ಲಿ ದಿನವೂ ಫೋನ್ ಎತ್ತುವವರದ್ದೇ ಎನ್ನುತ್ತೇನೆ. ಹೋಳಿಗೆ ತಟ್ಟುವ ಅಜ್ಜಿಯೇ ಫೋನ್ ಎತ್ತುತ್ತಾರೆ ಎಂದಾದರೆ ಅಜ್ಜಿಯ ದನಿಯೇ ಇರಲಿ.

ಇನ್ನು ಕರೆಯನ್ನು ಈ ರೆಕಾರ್ಡಿಂಗಿಗೆ ತಲುಪಿಸುವ ವಿಷಯ. ವರ್ಚುವಲ್ ನಂಬರನ್ನೇ ಬೋರ್ಡಿನ ಮೇಲೆ ಬರೆಸಿದ್ದರೆ ಸರಿ. ಆದರೆ ಹತ್ತು ವರ್ಷದಿಂದ ಊರಿಗೆಲ್ಲ ಗೊತ್ತಿರುವ ಮೊಬೈಲ್ ನಂಬರನ್ನು ಯಾರೂ ಬಿಡಲು ಇಷ್ಟಪಡುವುದಿಲ್ಲ. ಅಂಥವರು ಆ ಮೊಬೈಲಿನಿಂದ ಕರೆಯನ್ನು ಫಾರ್ವರ್ಡ್ ಮಾಡಬೇಕು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಇದಕ್ಕೆ ಮೂರು ಸಂದರ್ಭ ಬೇರೆ ಬೇರೆಯಾಗಿ ಇರುತ್ತವೆ: ಫೋನ್ ಎತ್ತದಿದ್ದಾಗ, ಇನ್ನೊಂದು ಕರೆಯಲ್ಲಿದ್ದಾಗ, ಫೋನ್ ಸ್ವಿಚಾಫ್ ಆಗಿದ್ದಾಗ ಅಥವಾ ಸಿಗ್ನಲ್ ಇಲ್ಲದಾಗ. ಹಲವರು ಮೊದಲನೆಯದನ್ನು ಮಾತ್ರ ಹಾಕಿಕೊಂಡು ರಾತ್ರಿ ಫೋನ್ ಸ್ವಿಚಾಫ್ ಮಾಡಿ ಮಲಗುತ್ತಾರೆ. ಆಗ ಕೇಳಿಸುವುದು ಅಜ್ಜಿಯ ದನಿಯಲ್ಲ, ಮತ್ತೆ ಕಂಪನಿಯದೇ ದನಿ. ಮೂರನೆಯದನ್ನೂ ಹಾಕಿಕೊಂಡರೆ ಈ ತೊಂದರೆ ಇಲ್ಲ.

ಎತ್ತದಿದ್ದಾಗ ಎಷ್ಟು ಸೆಕೆಂಡು ಕಾಯಬೇಕು ಎಂಬುದನ್ನು 5ರಿಂದ 30ರವರೆಗೆ, ಐದೈದರ ಹೆಜ್ಜೆಯಲ್ಲಿ, ನಿಗದಿಮಾಡಲು ಮೊಬೈಲ್ ಜಾಲದ ನಿಯಮದಲ್ಲಿ ಅವಕಾಶವಿದೆ. 5 ಇಟ್ಟರೆ, ಹಿಟ್ಟಿನ ಕೈ ಒರೆಸಿಕೊಂಡು ಫೋನ್ ಎತ್ತುವಷ್ಟರಲ್ಲಿ ಕರೆ ಹೋಗಿಬಿಟ್ಟಿರುತ್ತದೆ. 30 ಇಟ್ಟರೆ ಬಹಳ ಜನ ಅಷ್ಟರೊಳಗೆ ಬೇಸರಪಟ್ಟು ಫೋನ್ ಇಡುತ್ತಾರೆ. 20 ಸೂಕ್ತ. ನಮ್ಮಲ್ಲಿ ಕೇಳುವ ಜೋಡಿ ರಿಂಗಿನ ಒಂದು ಸುತ್ತು ಸುಮಾರು 3 ಸೆಕೆಂಡು, ಅಂದರೆ ಆರೇಳು ಸಲ ರಿಂಗಾದ ಮೇಲೆ ರೆಕಾರ್ಡಿಂಗ್ ಶುರು. ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡಬೇಕು. ಕರೆ ಫಾರ್ವರ್ಡ್ ಮಾಡುವ ಕೋಡ್ ಒತ್ತಿಸಿ ಜನರ ಒಟಿಪಿ ಕದಿಯುವ ಮೋಸ ಹೆಚ್ಚಿದ್ದರಿಂದ, *401# ಮಾದರಿಯ ಸೇವೆಯನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸಲು ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಸೂಚಿಸಿತ್ತು. ಫಾರ್ವರ್ಡ್ ಮಾಡುವ ಕೆಲಸವನ್ನು ನೀವೇ ಸೆಟ್ಟಿಂಗ್ಸ್‌ನಲ್ಲಿ ಮಾಡಿ, ಇಲ್ಲವೇ ನಿಮ್ಮ ಮೊಬೈಲ್ ಕಂಪನಿಯ ಅಂಗಡಿಗೆ ಹೋಗಿ ಮಾಡಿಸಿ. ಫೋನಿನಲ್ಲಿ ಅಪರಿಚಿತರು ಹೇಳಿದ ಯಾವ ಕೋಡನ್ನೂ ಒತ್ತಬೇಡಿ.

ಹಬ್ಬದ ಹೊತ್ತಿಗೆ ಇನ್ನೊಂದು ಒಕ್ಕಣೆ ಬೇಕಾಗುತ್ತದೆ. ಯುಗಾದಿಗೆ ವಾರ ಮೊದಲೇ ಹೋಳಿಗೆ ಆರ್ಡರ್ ತುಂಬಿರುತ್ತದೆ. ಬರುವ ಕರೆಗಳಲ್ಲಿ ಹೆಚ್ಚಿನವು ಅದಕ್ಕೇ. ಆಗ ಹೆಸರಿನ ಹಿಂದೆಯೇ "ಯುಗಾದಿ ಆರ್ಡರ್ ಭರ್ತಿ ಆಗಿದೆ, ಹಬ್ಬದ ಮಾರನೇ ದಿನದಿಂದ ಮತ್ತೆ ತಗೋತೀವಿ" ಎಂದು ಸೇರಿಸಿದರೆ ಎಷ್ಟೋ ಕರೆಗಳು ಅಲ್ಲಿಗೇ ಮುಗಿಯುತ್ತವೆ. ಆದರೆ ರೆಕಾರ್ಡಿಂಗಿನಲ್ಲಿ 'ಇವತ್ತು', 'ನಾಳೆ', 'ಈ ವಾರ' ಎಂಬ ಮಾತು ಬರಲೇಬಾರದು. ಸೋಮವಾರ ಹೇಳಿದ 'ನಾಳೆ' ಬುಧವಾರ ಕೇಳಿದವರಿಗೆ ಗುರುವಾರವಾಗುತ್ತದೆ. ತಾರೀಖು ಅಥವಾ ಹಬ್ಬದ ಹೆಸರು ಹೇಳಿ. ಹಬ್ಬ ಕಳೆದ ಹತ್ತು ದಿನಕ್ಕೂ 'ಹಬ್ಬಕ್ಕೆ ರಜೆ' ಎನ್ನುತ್ತಿರುವ ಅಂಗಡಿಗಳು ಎಷ್ಟೋ ಇವೆ. ಅದನ್ನು ಕೇಳಿದವರು, ಇಲ್ಲಿ ಮೆಸೇಜನ್ನೂ ಯಾರೂ ಕೇಳುವುದಿಲ್ಲ ಎಂದು ಸರಿಯಾಗಿಯೇ ಊಹಿಸುತ್ತಾರೆ. ಮಾಮೂಲಿ ಒಕ್ಕಣೆಯನ್ನು ಅಳಿಸದೆ ಫೋನಿನಲ್ಲೇ ಇಟ್ಟುಕೊಂಡಿದ್ದರೆ, ಹಬ್ಬದ ಮರುದಿನ ವಾಪಸ್ ಹಾಕಲು ಎರಡು ನಿಮಿಷ ಸಾಕು.

'ಅಂಗಡಿ ತೆಗೆದ ತಕ್ಷಣ ನಾವೇ ಫೋನ್ ಮಾಡ್ತೀವಿ' ಎಂದು ಬರೆದದ್ದಕ್ಕೂ ಲೆಕ್ಕವಿದೆ. 'ಸ್ವಲ್ಪ ಹೊತ್ತಿನಲ್ಲಿ' ಎಂದರೆ ರಾತ್ರಿ ಹತ್ತಕ್ಕೆ ಕರೆ ಮಾಡಿದವರು ಹನ್ನೊಂದರವರೆಗೆ ಕಾಯುತ್ತಾರೆ. 'ನಾಳೆ ಬೆಳಿಗ್ಗೆ' ಎಂದರೆ ಮಧ್ಯಾಹ್ನದವರಿಗೆ ಅದು ತಪ್ಪು. 'ತೆಗೆದ ತಕ್ಷಣ' ಎಂಬುದು ಎರಡು ಹೊತ್ತಿಗೂ ಒಪ್ಪುತ್ತದೆ. ಭಾನುವಾರ ರಾತ್ರಿ ಕೇಳಿದವರಿಗೆ ಸೋಮವಾರ ರಜೆ ಎಂದು ಈಗಾಗಲೇ ಹೇಳಿರುವುದರಿಂದ ಮಂಗಳವಾರ ಎಂದು ಅವರೇ ತಿಳಿಯುತ್ತಾರೆ. ಆದರೆ ಈ ಮಾತು ನಡೆಯಬೇಕಾದರೆ ಮೆಸೇಜ್ ಕೇಳುವ ಕೆಲಸ ಒಬ್ಬರ ಹೆಸರಿಗಿರಬೇಕು. ಬೆಳಿಗ್ಗೆ ಎಂಟಕ್ಕೆ, ಸಾಯಂಕಾಲ ನಾಲ್ಕಕ್ಕೆ, ಒಲೆ ಹಚ್ಚುವ ಮೊದಲು ಎಲ್ಲ ಮೆಸೇಜ್ ಕೇಳಿ, ಹೆಸರು, ದಿನ, ಎಷ್ಟು ಎಂದು ಆರ್ಡರ್ ಪುಸ್ತಕಕ್ಕೆ ಇಳಿಸಿ, ಆಮೇಲೆ ಕರೆ ಮಾಡಬೇಕು. ಇದಕ್ಕೆ ಜನ ಇಲ್ಲದಿದ್ದರೆ ಬೀಪಿನ ಮಾತನ್ನೇ ಬಿಟ್ಟು, ವೇಳೆ ಮಾತ್ರ ಹೇಳಿ "ಆ ಹೊತ್ತಿಗೆ ಫೋನ್ ಮಾಡಿ" ಎಂದು ಮುಗಿಸುವುದೇ ಪ್ರಾಮಾಣಿಕತೆ.

ಬೆಂಗಳೂರಿನಲ್ಲಿ ಎರಡು ಭಾಷೆಯ ಪ್ರಶ್ನೆ ಏಳುತ್ತದೆ. ಹೊರದೇಶದಲ್ಲಿ ಅಂಗಡಿ, ಕೇಟರಿಂಗ್ ನಡೆಸುವ ಕನ್ನಡಿಗರಿಗೂ ಅಷ್ಟೇ. ಇಡೀ ಒಕ್ಕಣೆಯನ್ನು ಎರಡು ಸಲ ಓದಿದರೆ 40 ಸೆಕೆಂಡು ದಾಟುತ್ತದೆ, ಎರಡನೆಯ ಭಾಷೆಯವರು ಅಷ್ಟು ಹೊತ್ತು ನಿಲ್ಲುವುದಿಲ್ಲ. ಕನ್ನಡದಲ್ಲಿ ವೇಳೆ ಮತ್ತು ರಜೆ ಹೇಳಿದ ಬೆನ್ನಿಗೆ ಅದಿಷ್ಟನ್ನೇ ಇಂಗ್ಲಿಷಿನಲ್ಲಿ ಹೇಳಿ, ಮತ್ತೆ ಕನ್ನಡಕ್ಕೆ ಬಂದು ಮುಗಿಸಿದರೆ ಆರೇಳು ಸೆಕೆಂಡು ಮಾತ್ರ ಹೆಚ್ಚಾಗುತ್ತದೆ. ಇನ್ನು ಕ್ಲಿನಿಕ್ ನಡೆಸುವವರು ವೇಳೆಗಿಂತ ಮೊದಲು, ತುರ್ತಾದರೆ ಎಲ್ಲಿಗೆ ಹೋಗಬೇಕು ಎಂಬುದನ್ನು ಹೇಳಲೇಬೇಕು. 108ರ ಆಂಬುಲೆನ್ಸ್ ನಂಬರ್ ಇದ್ದರೂ ಸಾಕು.

ಎಲ್ಲ ಆದ ಮೇಲೆ ಪರೀಕ್ಷೆ ಮಾಡುವುದು ಉಳಿದಿದೆ. ರೆಕಾರ್ಡ್ ಮಾಡಿದ ಫೋನಿನಲ್ಲೇ ಕೇಳಿ ಚೆನ್ನಾಗಿದೆ ಎಂದುಕೊಂಡರೆ ಅದು ಪರೀಕ್ಷೆಯಲ್ಲ. ಅಂಗಡಿಯ ವೇಳೆ ಗೊತ್ತಿಲ್ಲದ ಒಬ್ಬರಿಗೆ, ಸಾಧ್ಯವಾದರೆ ವಯಸ್ಸಾದವರಿಗೆ, ರಸ್ತೆ ಬದಿಯಲ್ಲಿ ನಿಂತು ಒಂದೇ ಸಲ ಕೇಳಲು ಹೇಳಿ. ಆಮೇಲೆ ಎರಡು ಪ್ರಶ್ನೆ ಕೇಳಿ: ಸೋಮವಾರ ಸಾಯಂಕಾಲ ಐದಕ್ಕೆ ಹೋದರೆ ಹೋಳಿಗೆ ಸಿಗುತ್ತದೆಯೇ? ಶನಿವಾರ ಮಧ್ಯಾಹ್ನ ಮೂರಕ್ಕೆ? ಎರಡಕ್ಕೂ ತಡವರಿಸದೆ 'ಇಲ್ಲ' ಎಂದರೆ ಒಕ್ಕಣೆ ಸರಿಯಾಗಿದೆ. ತಡವರಿಸಿದರೆ ಮಾತು ಕಡಿಮೆ ಮಾಡಿ, ವೇಗ ತಗ್ಗಿಸಿ, ಮತ್ತೊಮ್ಮೆ ರೆಕಾರ್ಡ್ ಮಾಡಿ. ನಿಮ್ಮ ಅಂಗಡಿಗೂ ಇಂಥ ರೆಕಾರ್ಡಿಂಗ್ ಈಗಾಗಲೇ ಇದ್ದರೆ, ಇವತ್ತು ರಾತ್ರಿ ಅಂಗಡಿ ಮುಚ್ಚಿದ ಮೇಲೆ ಬೇರೆಯವರ ಫೋನಿನಿಂದ ನಿಮ್ಮ ನಂಬರಿಗೇ ಕರೆ ಮಾಡಿ, ಅಲ್ಲಿ ಹೇಳುತ್ತಿರುವ ವೇಳೆ ಈಗಲೂ ಸರಿಯಾಗಿದೆಯೇ ಎಂದು ಕೇಳಿ ನೋಡಿ.